ಪ್ರೊಫೈಲ್ ಲಿಂಕ್: ಟೈಪ್ ಮಾಡಿಸೋದಾ, ಸ್ಕ್ಯಾನ್ ಮಾಡಿಸೋದಾ?

ಲಿಂಕ್ಡ್‌ಇನ್ ಲಿಂಕನ್ನು ರೆಸ್ಯೂಮೆ, ಇಮೇಲ್ ಸಹಿ, ವಿಸಿಟಿಂಗ್ ಕಾರ್ಡ್ ಮೂರರಲ್ಲೂ ಬೇರೆ ಬೇರೆ ರೀತಿ ಹಾಕಿ ನೋಡಿದೆ. ಮೂರಕ್ಕೂ ಒಂದೇ ಉಪಾಯ ಸಾಲಲಿಲ್ಲ.

ರೆಸ್ಯೂಮೆಯಲ್ಲಿ ಮೊದಲು ‘ಲಿಂಕ್ಡ್‌ಇನ್’ ಅನ್ನೋ ಪದಕ್ಕೇ ಲಿಂಕ್ ಕೊಟ್ಟಿದ್ದೆ. ಪಿಡಿಎಫ್‌ನಲ್ಲಿ ಒತ್ತಿದರೆ ಸರಿಯಾಗಿ ತೆರೆಯುತ್ತಿತ್ತು. ಪ್ರಿಂಟ್ ತೆಗೆದಾಗ ಕಾಗದದ ಮೇಲೆ ಉಳಿದದ್ದು ನೀಲಿ ಪದ ಮಾತ್ರ, ವಿಳಾಸವೇ ಇಲ್ಲ! ಈಗ ವಿಳಾಸವನ್ನೇ ಬರೆದು, ಅದಕ್ಕೇ ಲಿಂಕ್ ಕೊಡುತ್ತೇನೆ:

```
linkedin.com/in/nannahesaru
```

ಮುಂದಿನ https://www. ಬೇಡ, ಟೈಪ್ ಮಾಡುವವರಿಗೆ ಅದಿಲ್ಲದೆಯೂ ಪುಟ ಸಿಗುತ್ತದೆ. ಆದರೆ ವಿಳಾಸಕ್ಕೆ ಒಂದು ಪೂರ್ತಿ ಸಾಲು ಕೊಡಿ. ಕಿರಿದಾದ ಕಾಲಂನಲ್ಲಿ ಅದು ಎರಡು ಸಾಲಾಗಿ ಮುರಿದರೆ, ನಡುವೆ ಬಂದ ಅಡ್ಡಗೆರೆಯನ್ನೂ ಓದುಗರು ಟೈಪ್ ಮಾಡಿಬಿಡುತ್ತಾರೆ.

ಇಮೇಲ್ ಸಹಿಯಲ್ಲಿ ಕ್ಯೂಆರ್ ಬೇಡವೇ ಬೇಡ. ಮೇಲ್ ಓದುತ್ತಿರುವ ಫೋನಿನಿಂದಲೇ ಅದರ ಪರದೆಯನ್ನು ಸ್ಕ್ಯಾನ್ ಮಾಡೋದು ಹೇಗೆ, ಅಲ್ವಾ? ಎಷ್ಟೋ ಕಡೆ ಚಿತ್ರ ತಾನಾಗಿ ಕಾಣಿಸೋದೂ ಇಲ್ಲ. ಮೇಲಿನ ಅದೇ ಒಂದು ಸಾಲು ಸಾಕು.

ಕಾರ್ಡಿನಲ್ಲಿ ಮಾತ್ರ ಕ್ಯೂಆರ್ ಗೆಲ್ಲುತ್ತದೆ, ಆದರೆ ಒಳಗಿನ ಲಿಂಕ್ ಚಿಕ್ಕದಿದ್ದರೆ ಮಾತ್ರ. ಎರಡು ಕೋಡ್ ಮಾಡಿ, ಎರಡನ್ನೂ 2 ಸೆಂ.ಮೀ. ಅಗಲಕ್ಕೆ ಪ್ರಿಂಟ್ ತೆಗೆದೆ. ಒಂದರಲ್ಲಿ ಫೋನಿನ ಆ್ಯಪ್‌ನಿಂದ ‘ಶೇರ್’ ಒತ್ತಿ ನಕಲು ಮಾಡಿದ ಲಿಂಕ್. ಹೆಸರಿನ ಹಿಂದೆ ಒಂದಷ್ಟು ಅಂಕಿ, ಅದರ ಹಿಂದೆ ?utm_source=share ಎಂದು ಶುರುವಾಗುವ ಉದ್ದನೆಯ ಬಾಲ, ಒಟ್ಟು 133 ಅಕ್ಷರ. ಇನ್ನೊಂದರಲ್ಲಿ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿಕೊಂಡ ಚಿಕ್ಕ ವಿಳಾಸ, https://www. ಸೇರಿ 39 ಅಕ್ಷರ. ಕೋಡ್ ಸ್ವಲ್ಪ ಮಾಸಿದರೂ ಓದಲು ಬರುವಂತೆ ಮಾಡುವ ‘ದೋಷ ತಿದ್ದುವಿಕೆ’ಯನ್ನು ಸಾಧಾರಣ ಮಟ್ಟದಲ್ಲಿ (ಎಂ) ಇಟ್ಟರೆ ಮೊದಲನೆಯದು ಒಂದು ಬದಿಗೆ 49 ಚೌಕದ ಕೋಡ್ ಆಗುತ್ತದೆ, ಎರಡನೆಯದು 29 ಚೌಕದ್ದು. ಅಂದರೆ ಒಂದೊಂದು ಚೌಕ 0.4 ಮಿ.ಮೀ. ಮತ್ತು 0.7 ಮಿ.ಮೀ. ಮಂದ ಬೆಳಕಿನಲ್ಲಿ ಚಿಕ್ಕ ಲಿಂಕಿನದು ತಕ್ಷಣ ಸಿಕ್ಕಿತು. ಉದ್ದದ್ದಕ್ಕೆ ಫೋನನ್ನು ಹತ್ತಿರ ದೂರ ಮಾಡುತ್ತಾ ನಿಲ್ಲಬೇಕಾಯಿತು.

ಕೋಡಿನ ಸುತ್ತ ನಾಲ್ಕು ಚೌಕದಷ್ಟು ಖಾಲಿ ಬಿಳಿ ಜಾಗ ಬೇಕು, ಇಲ್ಲಿ ಸುಮಾರು 3 ಮಿ.ಮೀ. ಡಿಸೈನ್ ಮಾಡುವವರು ಸುಮ್ನೆ ಅದನ್ನು ಕತ್ತರಿಸಿಬಿಡುತ್ತಾರೆ, ನೋಡಿಕೊಳ್ಳಿ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಕೋಡ್ ಚೆಂದ ಕಾಣುತ್ತದೆ, ಆದರೆ ಕೆಲವು ಸ್ಕ್ಯಾನರ್‌ಗಳು ಅದನ್ನು ಓದುವುದಿಲ್ಲ.

ಒಂದು ಉಚಿತ ತಾಣದಲ್ಲಿ ಮಾಡಿಸಿದ ನನ್ನ ಮೊದಲ ಕೋಡ್ ಅವರದೇ ಲಿಂಕಿನ ಮೂಲಕ ಹೋಗುತ್ತಿತ್ತು. ಟ್ರಯಲ್ ಅವಧಿ ಮುಗಿದಾಗ ಕೋಡೂ ನಿಂತಿತು, ಕಾರ್ಡುಗಳು ಕೈಯಲ್ಲೇ ಉಳಿದವು. ಸ್ಕ್ಯಾನ್ ಮಾಡಿದಾಗ ಪರದೆಯಲ್ಲಿ linkedin.com ಅಂತಲೇ ಮೊದಲು ಕಾಣುತ್ತದಾ ಅಂತ ನೋಡಿಯೇ ಅಚ್ಚಿಗೆ ಕೊಡಿ. ಕೋಡಿನ ಕೆಳಗೆ ವಿಳಾಸವೂ ಇರಲಿ, ಕ್ಯಾಮೆರಾ ಕೈಕೊಟ್ಟರೆ ಟೈಪ್ ಮಾಡಬಹುದು.