ಬಹಳ ಕಾಲ ಬಳಸಿದ ಸಿಂಕ್ ಟೂಲ್: ನಿಂತಲ್ಲಿಂದ ಮುಂದುವರಿಯುತ್ತದೆ, ಆದರೆ ಎಲ್ಲಿ ನಿಂತಿತ್ತು ಅಂತ ನೀವೂ ನೋಡಿ

ಒಂದು ಡೇಟಾಬೇಸ್‌ನಿಂದ ಇನ್ನೊಂದಕ್ಕೆ ದಾಖಲೆಗಳನ್ನು ಸಾಗಿಸಲು ಈ ಟೂಲ್ ಬಳಸುತ್ತಾ ಬಹಳ ಕಾಲವಾಯಿತು. ಯಾವ ಡೇಟಾಬೇಸ್‌ಗೆಲ್ಲ ಹೊಂದುತ್ತದೆ, ಸೆಟಪ್ ಹೇಗೆ ಎಂಬುದು ಅವರ ಪುಟದಲ್ಲೇ ಇದೆ. ನಾನು ಬರೆಯುತ್ತಿರುವುದು ಒಂದೇ ವಿಷಯ: ಅರ್ಧದಲ್ಲಿ ಬಿದ್ದುಹೋದ ಸಿಂಕ್ ಮತ್ತೆ ಎಲ್ಲಿಂದ ಶುರುವಾಗುತ್ತದೆ.

ನನ್ನದು ಮೆಮೊರಿ ಕಡಿಮೆ ಇರುವ ಅಗ್ಗದ ಸರ್ವರ್. ದೊಡ್ಡದು ತೆಗೆದುಕೊಳ್ಳುವ ಬಜೆಟ್ ಇಲ್ಲ. ಮೆಮೊರಿ ತುಂಬಿದರೆ ಆಪರೇಟಿಂಗ್ ಸಿಸ್ಟಮ್ ಕೆಲಸವನ್ನೇ ಕೊಂದುಹಾಕುತ್ತದೆ. ಹಾಗಾಗಿ ಸಿಂಕ್ ನಡುವೆ ನಿಲ್ಲುವುದು ನನಗೆ ಅಪರೂಪವೇನಲ್ಲ. ಹಿಂದೆ ಬಳಸುತ್ತಿದ್ದ ಸ್ಕ್ರಿಪ್ಟ್ ಪ್ರತಿ ಸಲವೂ ಮೊದಲಿನಿಂದ ಶುರುಮಾಡುತ್ತಿತ್ತು. ಇದು ಹಾಗಲ್ಲ, ಅದಕ್ಕೇ ಇದನ್ನು ಹಿಡಿದುಕೊಂಡಿದ್ದೇನೆ.

ಬೆಳಿಗ್ಗೆ ಎದ್ದು ಮೊದಲು ಲಾಗ್ ತೆರೆಯುತ್ತೇನೆ. ರಾತ್ರಿ ಬಿದ್ದಿದ್ದರೆ `resuming after batch 232` ಎಂಬಂಥ ಸಾಲು ಕಾಣುತ್ತದೆ. ಅದನ್ನು ಓದುವುದೇ ಒಂದು ಖುಷಿ. ಆಮೇಲೆ ಗುರಿ ಡೇಟಾಬೇಸ್‌ಗೆ ಹೋಗಿ `sync_state` ಟೇಬಲ್‌ನ ಒಂದೇ ಸಾಲು ನೋಡುತ್ತೇನೆ. ಎಲ್ಲಿಯವರೆಗೆ ಮುಗಿದಿದೆ ಎಂಬ ಗುರುತನ್ನು ಟೂಲ್ ಇಡುವುದು ಅಲ್ಲೇ. ಲಾಗ್‌ನಲ್ಲಿರುವ ಬ್ಯಾಚ್ ಮತ್ತು ಇಲ್ಲಿರುವ ಬ್ಯಾಚ್ ಒಂದೇ ಆಗಿದ್ದರೆ ನೆಮ್ಮದಿ.

ಗುರುತನ್ನು ಹಾಗೆ ಗುರಿ ಡೇಟಾಬೇಸ್‌ನೊಳಗೇ ಇಟ್ಟಿರುವುದು ಈ ಟೂಲ್‌ನಲ್ಲಿ ನನಗೆ ಅತಿ ಇಷ್ಟವಾದ ಸಂಗತಿ. ಗುರುತು ಬೇರೆ ಫೈಲ್‌ನಲ್ಲಿದ್ದರೆ ಎರಡು ಬರಹ ಆಗಬೇಕು, ಅಲ್ವಾ? ಮೊದಲು ಗುರುತು ಬರೆದು, ದಾಖಲೆ ಬರೆಯುವ ಮುಂಚೆ ಬಿದ್ದರೆ ಒಂದು ಬ್ಯಾಚ್ ಕಳೆದೇ ಹೋಯಿತು. ಮೊದಲು ದಾಖಲೆ ಬರೆದು, ಗುರುತಿಗೆ ಮುಂಚೆ ಬಿದ್ದರೆ ಅದೇ ಬ್ಯಾಚ್ ಎರಡು ಸಲ ಬರುತ್ತದೆ. ಇಲ್ಲಿ ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿವೆ. ಆಗುವುದಾದರೆ ಎರಡೂ ಆಗುತ್ತವೆ, ಇಲ್ಲದಿದ್ದರೆ ಎರಡೂ ಇಲ್ಲ. 233ನೇ ಬ್ಯಾಚ್‌ನ ನಡುವೆ ಸತ್ತರೆ ಅದರ ಅರೆಬರೆ ದಾಖಲೆಗಳು ತಾವಾಗಿಯೇ ರದ್ದಾಗಿ, 232ರ ಕೊನೆಯೇ ನಿಜವಾದ ಕೊನೆಯಾಗಿ ಉಳಿಯುತ್ತದೆ.

ಇಷ್ಟು ಹೊಗಳಿದ ಮೇಲೆ ನನ್ನನ್ನು ನಿಜವಾಗಿ ಕಾಡಿದ ತೊಂದರೆ ಹೇಳಬೇಕು.

20,00,000 ಗ್ರಾಹಕ ದಾಖಲೆಗಳ ಒಂದು ಟೇಬಲ್. ಬ್ಯಾಚ್‌ಗೆ 5,000, ಅಂದರೆ ಒಟ್ಟು 400 ಬ್ಯಾಚ್. ಆ ರಾತ್ರಿ ಮೂಲ ಟೇಬಲ್‌ಗೆ ಯಾರೂ ಏನೂ ಬರೆಯುತ್ತಿರಲಿಲ್ಲ. ಸಿಂಕ್ 233ನೇ ಬ್ಯಾಚ್‌ನಲ್ಲಿ ಬಿತ್ತು, ಮತ್ತೆ ಎದ್ದಿತು, 'ಯಶಸ್ವಿ' ಎಂದು ಹೇಳಿ ಮುಗಿಸಿತು. ಎರಡೂ ಕಡೆ ಎಣಿಸಿದರೆ ಗುರಿಯಲ್ಲಿದ್ದದ್ದು 19,92,000. 8,000 ದಾಖಲೆ ಇಲ್ಲ, ಲಾಗ್‌ನಲ್ಲಿ ಒಂದು ಎಚ್ಚರಿಕೆಯೂ ಇಲ್ಲ. ಸಪೋರ್ಟ್‌ನವರನ್ನು ಕೇಳಿದರೆ 'ಪೂರ್ತಿ ಸಿಂಕ್ ಮತ್ತೊಮ್ಮೆ ಮಾಡಿ' ಅಂದರು. ಚೆಕ್‌ಪಾಯಿಂಟ್‌ಗೋಸ್ಕರವೇ ಟೂಲ್ ಆರಿಸಿಕೊಂಡವರಿಗೆ ಕೊಡುವ ಉತ್ತರವಾ ಇದು? ನನಗೆ ನಿಜಕ್ಕೂ ಬೇಸರವಾಯಿತು.

ಸುಳಿವು ಸಿಕ್ಕಿದ್ದು ಹಳೆಯ ಲಾಗ್‌ಗಳಿಂದ. ನಡುವೆ ಬೀಳದೆ ಮುಗಿದ ಸಿಂಕ್‌ಗಳಲ್ಲಿ ಲೆಕ್ಕ ಯಾವತ್ತೂ ಸರಿಯಿತ್ತು. ಕಮ್ಮಿ ಬಂದಿದ್ದು ಬಿದ್ದು ಎದ್ದವುಗಳಲ್ಲಿ ಮಾತ್ರ. ಅಂದರೆ ಓಡುವಾಗ ಟೂಲ್‌ಗೆ ನೆನಪಿರುವ ಏನೋ ಒಂದು ಗುರುತಿನಲ್ಲಿ ಬರೆಯಲ್ಪಡುತ್ತಿಲ್ಲ. ಟೂಲ್ ಸಾಲುಗಳನ್ನು ಓದುವುದು ಅವು ಕೊನೆಗೆ ಬದಲಾದ ಸಮಯದ, ಅಂದರೆ `updated_at`ನ ಕ್ರಮದಲ್ಲಿ. ಹಾಗಾಗಿ ಮೂಲ ಟೇಬಲ್‌ನಲ್ಲಿ ಹೀಗೆ ಕೇಳಿದೆ:

```sql
SELECT updated_at, count(*)
FROM customers
GROUP BY updated_at
ORDER BY count(*) DESC
LIMIT 5;
```

ಮೊದಲ ಸಾಲಲ್ಲೇ ಉತ್ತರವಿತ್ತು. 12,000 ದಾಖಲೆಗಳಿಗೆ ಒಂದೇ ಸಮಯ, 10:15:00. ಯಾರೋ ಒಂದೇ ಆದೇಶದಲ್ಲಿ ಅಷ್ಟನ್ನೂ ಬದಲಾಯಿಸಿದ್ದರು. ಪೋಸ್ಟ್‌ಗ್ರೆಸ್‌ನಲ್ಲಿ `now()` ಕೊಡುವುದು ಟ್ರಾನ್ಸಾಕ್ಷನ್ ಶುರುವಾದ ಸಮಯ. ಹಾಗಾಗಿ ಅದರಲ್ಲಿ ಬದಲಾದ ಎಲ್ಲ ಸಾಲುಗಳಿಗೂ ಅದೇ ಮೊಹರು ಬೀಳುತ್ತದೆ.

ಈ 12,000ದಲ್ಲಿ ಮೊದಲ 4,000 ಸಾಲು 232ನೇ ಬ್ಯಾಚ್‌ನ ಬಾಲಕ್ಕೆ ಬಂದಿದ್ದವು. ಬ್ಯಾಚ್ ಸಂಖ್ಯೆ ಬಿಟ್ಟರೆ ಗುರುತಿನಲ್ಲಿ ಬರೆದದ್ದು 10:15:00 ಅಷ್ಟೇ. ಎದ್ದ ಮೇಲೆ ಟೂಲ್ ಕೇಳಿದ್ದು 'ಇದಕ್ಕಿಂತ ನಂತರದ್ದು ಕೊಡು' ಎಂದು. ಉಳಿದ 8,000 ಇದಕ್ಕಿಂತ ನಂತರದ್ದಲ್ಲ, ಇದಕ್ಕೇ ಸಮ. ಹಾಗಾಗಿ ಅಷ್ಟೂ ಬಿಟ್ಟುಹೋದವು. ನಿಲ್ಲದೆ ಓಡುವಾಗ ಟೂಲ್ ಸಮಯದ ಜೊತೆ `id`ಯನ್ನೂ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತಿದ್ದರಿಂದ ಈ ತೊಂದರೆ ಕಾಣುತ್ತಲೇ ಇರಲಿಲ್ಲ. ಪುಸ್ತಕದಲ್ಲಿ ಪುಟದ ಸಂಖ್ಯೆ ಬಿಟ್ಟು ಅಧ್ಯಾಯದ ಹೆಸರು ಮಾತ್ರ ಬರೆದಿಟ್ಟು, ಆಮೇಲೆ ಮುಂದಿನ ಅಧ್ಯಾಯದಿಂದ ಓದಿದ ಹಾಗಾಯಿತು.

ಇಷ್ಟನ್ನೂ ಬರೆದು ಕಳಿಸಿದ ಮೇಲೆ ಸಪೋರ್ಟ್‌ನವರ ಧಾಟಿ ಬದಲಾಯಿತು, ನನ್ನದೂ. ಮೊದಲು ಒಂದು ತಾತ್ಕಾಲಿಕ ದಾರಿ ಹೇಳಿದರು: ಮುಂದುವರಿಯುವಾಗ ಗುರುತಿಗಿಂತ ಸ್ವಲ್ಪ ಹಿಂದಿನಿಂದ ಓದುವ ಸೆಟ್ಟಿಂಗ್. ಐದು ನಿಮಿಷ ಹಿಂದಕ್ಕೆ ಇಟ್ಟೆ. ಆ 12,000 ಸಾಲುಗಳನ್ನೂ ಅಕ್ಕಪಕ್ಕದವನ್ನೂ ಅದು ಮತ್ತೆ ಓದುತ್ತದೆ. ಗುರಿಯಲ್ಲಿ `ON CONFLICT (id) DO UPDATE` ಇರುವುದರಿಂದ ಎರಡನೇ ಸಲ ಬಂದ ಸಾಲು ಹಳೆಯದರ ಮೇಲೆಯೇ ಕೂರುತ್ತದೆ, ನಕಲು ಆಗುವುದಿಲ್ಲ.

ನಂತರದ ಆವೃತ್ತಿಯಲ್ಲಿ ಸರಿಯಾದ ಪರಿಹಾರವೇ ಬಂತು. ಈಗ `sync_state`ನಲ್ಲಿ ಸಮಯ, `id` ಎರಡೂ ಇವೆ. ಎದ್ದ ಮೇಲೂ ಕೇಳುವುದು ಹೀಗೆ:

```sql
SELECT * FROM customers
WHERE (updated_at, id) > (:last_time, :last_id)
ORDER BY updated_at, id
LIMIT 5000;
```

ಸಮಯ ಒಂದೇ ಆದಾಗ `id` ತೀರ್ಮಾನಿಸುತ್ತದೆ. ಅದೇ ಟೇಬಲ್ ಮೇಲೆ ಬೇಕಂತಲೇ ನಡುವೆ `kill -9` ಕೊಟ್ಟು ನೋಡಿದೆ. ಎರಡೂ ಕಡೆ 20,00,000. ಈ ಎರಡು ಕಾಲಂಗಳಿಗೆ ಇದೇ ಕ್ರಮದಲ್ಲಿ ಒಂದು ಇಂಡೆಕ್ಸ್ ಮಾಡಿಡಿ. ಇಲ್ಲದಿದ್ದರೆ ಪ್ರತಿ ಬ್ಯಾಚ್‌ಗೂ ಇಡೀ ಟೇಬಲ್ ಓದಿ ವಿಂಗಡಿಸಬೇಕಾಗುತ್ತದೆ.

ಬ್ಯಾಚ್ ಗಾತ್ರ ನಾನು 5,000ದಲ್ಲೇ ಇಟ್ಟಿದ್ದೇನೆ. ಜಾಸ್ತಿ ಮಾಡಿದರೆ ನನ್ನ ಸರ್ವರ್ ಬೇಗ ಬೀಳುತ್ತದೆ, ಬಿದ್ದಾಗ ಮತ್ತೆ ಮಾಡುವ ಕೆಲಸವೂ ಜಾಸ್ತಿ. ತೀರಾ ಚಿಕ್ಕದಾದರೆ ಕಮಿಟ್‌ಗಳಲ್ಲೇ ಹೊತ್ತು ಹೋಗುತ್ತದೆ.

ಹೊಸ ಆವೃತ್ತಿ ಬಂದರೂ ಐದು ನಿಮಿಷದ ಸೆಟ್ಟಿಂಗ್ ತೆಗೆದಿಲ್ಲ. ಕಾರಣ ಮತ್ತೆ ಅದೇ `now()`. ಮೂಲದಲ್ಲಿ ಒಂದು ಟ್ರಾನ್ಸಾಕ್ಷನ್ 11:00ಕ್ಕೆ ಶುರುವಾಗಿ 11:03ಕ್ಕೆ ಕಮಿಟ್ ಆಯಿತು ಅನ್ನಿ. ಅದರ ಸಾಲುಗಳಿಗೆ 11:00ರ ಮೊಹರು, ಆದರೆ ಹೊರಗೆ ಕಾಣುವುದು 11:03ಕ್ಕೆ. ಅಷ್ಟರಲ್ಲಿ ನಮ್ಮ ಗುರುತು 11:02 ದಾಟಿದ್ದರೆ, ಸಮಯ ಮತ್ತು `id` ಎರಡೂ ಇದ್ದರೂ ಅವು ಸಿಗುವುದಿಲ್ಲ. ಐದು ನಿಮಿಷ ಹಿಂದಿನಿಂದ ಓದಿದರೆ ಸಿಗುತ್ತವೆ. ಐದು ನಿಮಿಷಕ್ಕಿಂತ ಉದ್ದದ ಟ್ರಾನ್ಸಾಕ್ಷನ್ ಇದ್ದರೆ ಇದೂ ಸಾಲದು. ಅಳಿಸಿಹಾಕಿದ ಸಾಲುಗಳಂತೂ ಈ ವಿಧಾನಕ್ಕೆ ಕಾಣುವುದೇ ಇಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದುಕೊಂಡ ಒಂದು ಅಂಕ ಆ ಸುಳ್ಳು 'ಯಶಸ್ವಿ'ಗೆ. ಎರಡೂ ಕಡೆ ಎಣಿಸಿ ನೋಡುವ ಕೆಲಸವನ್ನು ಟೂಲ್ ಇನ್ನೂ ತಾನೇ ಮಾಡುವುದಿಲ್ಲ. ಹಳೆಯ ಸಾಲನ್ನು ಬದಲಿಸದೆ ಸುಮ್ನೆ ಸೇರಿಸುತ್ತಾ ಹೋಗುವ ಮೋಡ್ ಬಳಸುವವರು ಹಿಂದಿನಿಂದ ಓದುವ ಸೆಟ್ಟಿಂಗ್ ಅನ್ನು ಸೊನ್ನೆಗೆ ಇಡಲೇಬೇಕು, ಇಲ್ಲದಿದ್ದರೆ ನಕಲುಗಳು ಬರುತ್ತವೆ. ಆಗ ತಡವಾಗಿ ಕಮಿಟ್ ಆದ ಸಾಲುಗಳು ಕೈತಪ್ಪುತ್ತವೆ. ಅವರಿಗೆ ಈ ಟೂಲ್ ಸದ್ಯಕ್ಕೆ ಬೇಡ ಅಂತಲೇ ನನ್ನ ಅಭಿಪ್ರಾಯ.