ಕೋರುತ್ತೇನೆ, ಕೋರಲಾಗಿದೆ, ಸೂಚಿಸಿದೆ: ಕಚೇರಿ ಪತ್ರದಲ್ಲಿ ಮೇಲಿನವರಿಗೆ ಯಾವುದು, ಕೆಳಗಿನವರಿಗೆ ಯಾವುದು

ಮಲೆನಾಡಿನ ತಾಲ್ಲೂಕು ಕಚೇರಿಯೊಂದರಲ್ಲಿ ವಿಷಯ ನಿರ್ವಾಹಕನಾಗಿರುವ ನನಗೆ ಮಳೆಗಾಲವೆಂದರೆ ಮನೆ ಹಾನಿಯ ಕಡತಗಳ ಕಾಲ. ಒಂದೇ ಗೋಡೆ ಕುಸಿತದ ಸಂಗತಿಯನ್ನು ಒಂದೇ ದಿನ ಮೇಲಕ್ಕೆ ಉಪವಿಭಾಗಾಧಿಕಾರಿಯವರಿಗೂ ಕೆಳಕ್ಕೆ ಗ್ರಾಮ ಆಡಳಿತ ಅಧಿಕಾರಿಗಳಿಗೂ ಬರೆಯಬೇಕಾಗುತ್ತದೆ. ಕರಡು ನನ್ನದು, ಸಹಿ ತಹಶೀಲ್ದಾರರದು. 1963ರ ರಾಜಭಾಷಾ ಅಧಿನಿಯಮ ಕನ್ನಡವನ್ನು ಆಡಳಿತ ಭಾಷೆಯಾಗಿಸಿತೇ ಹೊರತು ಯಾರಿಗೆ ಯಾವ ಕ್ರಿಯಾಪದ ಬಳಸಬೇಕೆಂದು ಹೇಳಲಿಲ್ಲ; ಅದನ್ನು ಹಳೆಯ ಕಡತಗಳಿಂದಲೇ ಕಲಿಯಬೇಕು. ಆದರೆ ಹಳೆಯ ಕಡತಗಳಲ್ಲಿ ಎಲ್ಲ ಬಗೆಯ ರೂಪಗಳೂ ಇವೆ. ಆದ್ದರಿಂದ ಒಂದೇ ವಿಷಯಕ್ಕೆ ಬೇರೆ ಬೇರೆ ರೂಪಗಳಲ್ಲಿ ಕರಡು ಬರೆದು, ಯಾವುದು ತಿರುಗಿ ಬರುತ್ತದೆ, ಯಾವುದಕ್ಕೆ ಬೇಗ ಉತ್ತರ ಬರುತ್ತದೆ ಎಂಬುದನ್ನು ಗಮನಿಸುತ್ತ ಬಂದಿದ್ದೇನೆ.

ಮೊದಲು ಮೇಲಿನವರಿಗೆ ಬರೆಯುವ ಪತ್ರ. ಹೊಸನಗರ ತಾಲ್ಲೂಕಿನ ನಗರ ಹೋಬಳಿಯಲ್ಲಿ ಒಂದು ಮನೆಯ ಹಿಂಬದಿ ಗೋಡೆ ಬಿದ್ದಿದೆ ಎಂದಿಟ್ಟುಕೊಳ್ಳೋಣ. ರೂಢಿಯ ಕರಡು ಹೀಗಿರುತ್ತದೆ: “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಮನೆಯ ಗೋಡೆಯು ಕುಸಿದಿರುತ್ತದೆ. ಸ್ಥಳ ಪರಿಶೀಲನೆ ನಡೆಸಲಾಗಿದ್ದು, ವರದಿಯನ್ನು ಪಡೆಯಲಾಗಿರುತ್ತದೆ. ಸೂಕ್ತ ಆದೇಶ ನೀಡಲು ಕೋರಲಾಗಿದೆ.” ಇನ್ನೊಂದು ಕರಡು: “ನಗರ ಹೋಬಳಿಯ ಕಂದಾಯ ನಿರೀಕ್ಷಕರು ದಿನಾಂಕ 18ರಂದು ಸ್ಥಳ ಪರಿಶೀಲಿಸಿ, ಮಹಜರು ಮತ್ತು ಛಾಯಾಚಿತ್ರಗಳೊಂದಿಗೆ ವರದಿ ಸಲ್ಲಿಸಿದ್ದಾರೆ. ಮನೆಯ ಹಿಂಬದಿ ಗೋಡೆ 16ರ ರಾತ್ರಿ ಕುಸಿದಿದೆ. ಈ ಬಗ್ಗೆ ಸೂಕ್ತ ಆದೇಶ ನೀಡಬೇಕೆಂದು ತಮ್ಮಲ್ಲಿ ಕೋರುತ್ತೇನೆ.”

ಮೊದಲನೆಯದು ಹೆಚ್ಚು ವಿನಯದಿಂದ ಕೂಡಿದೆ ಎಂದು ಹಲವರು ಭಾವಿಸುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. “ಲಾಗಿದೆ” ಎಂಬ ಕರ್ಮಣಿ ರೂಪದಲ್ಲಿ ಮಾಡಿದವರೇ ಮರೆಯಾಗುತ್ತಾರೆ. ಹೀಗಾಗಿ “ಪರಿಶೀಲಿಸಿದವರು ಯಾರು, ಯಾವ ದಿನ” ಎಂಬ ಆಕ್ಷೇಪಣೆಯೊಂದಿಗೆ ಕಡತ ಹಿಂದಕ್ಕೆ ಬರುವುದು ಇಂಥ ಕರಡುಗಳಿಗೇ. “ಕುಸಿದಿರುತ್ತದೆ” ಎಂಬುದರ ತೊಡಕು ಇನ್ನೂ ಸೂಕ್ಷ್ಮವಾದುದು. ಕಚೇರಿಯವರಿಗೆ ಅದು ಆಗಿಹೋದ ಘಟನೆ, ಹೊರಗಿನವರ ಕಿವಿಗೆ ಅದು ಊಹೆ; “ಇಷ್ಟು ಹೊತ್ತಿಗೆ ಬಸ್ಸು ಹೋಗಿರುತ್ತದೆ” ಎನ್ನುವಾಗ ನಾವು ಖಚಿತವಾಗಿ ಹೇಳುತ್ತಿರುವುದಿಲ್ಲ. ಹಾನಿ ಯಾವ ದಿನದ ಮಳೆಯಿಂದ ಆಯಿತು ಎಂಬುದರ ಮೇಲೆಯೇ ಪರಿಹಾರದ ಮಾತು ನಿಂತಿರುವಾಗ, ದಿನಾಂಕದೊಂದಿಗೆ “ಕುಸಿದಿದೆ” ಎಂದು ಬರೆಯುವುದೇ ಮೇಲು. ಕೊನೆಯ ವಾಕ್ಯದಲ್ಲಿ “ಕೋರುತ್ತೇನೆ” ಎಂದಾಗ ಸಹಿ ಮಾಡಿದವರೇ ಕೋರಿದಂತಾಗುತ್ತದೆ, ಅದರಲ್ಲಿ ಉದ್ಧಟತನವೇನೂ ಇಲ್ಲ. ಗೌರವವನ್ನು “ತಮ್ಮಲ್ಲಿ” ಎಂಬ ಸರ್ವನಾಮವೂ “ನೀಡಬೇಕೆಂದು” ಎಂಬ ರೂಪವೂ ಆಗಲೇ ಹೊತ್ತಿರುತ್ತವೆ.

ಗೌರವಸೂಚಕಗಳ ವಿಷಯದಲ್ಲಿ ನನ್ನ ಆಯ್ಕೆ ಮಿತವಾದುದು. ಆರಂಭದಲ್ಲಿ ಒಮ್ಮೆ “ಮಾನ್ಯರೇ” ಎಂದ ಮೇಲೆ, ಒಳಗಿನ ಪ್ರತಿ ವಾಕ್ಯದಲ್ಲೂ “ಮಾನ್ಯ ಉಪವಿಭಾಗಾಧಿಕಾರಿಗಳವರು” ಎಂದು ಪೇರಿಸುವುದರಿಂದ ಗೌರವ ಹೆಚ್ಚುವುದಿಲ್ಲ, ವಾಕ್ಯ ಮಾತ್ರ ಉದ್ದವಾಗುತ್ತದೆ. “ತಾವು” ಆಗಲೇ ಗೌರವವಾಚಕ. ಒಬ್ಬರಿಗೇ “ತಾವುಗಳು” ಎಂದು ಬರೆಯುವುದು ಅನಗತ್ಯ. “ತಹಶೀಲ್ದಾರ್ ರವರಿಗೆ” ಎಂಬುದಕ್ಕಿಂತ “ತಹಶೀಲ್ದಾರರಿಗೆ” ಎಂಬುದು ಓದಲು ಹಗುರ, ಆದರೆ ಹೆಸರಿನ ಮುಂದೆ “ಅವರಿಗೆ” ಎಂದು ಬಿಡಿಸಿ ಬರೆಯುವುದು ಚೆನ್ನ. ಹಳೆಯ ದಾಖಲೆಗಳಲ್ಲಿ ಕಾಣುವ “ಅರ್ಜಿದಾರನು ತಿಳಿಸಿರುತ್ತಾನೆ” ಎಂಬ ಏಕವಚನವನ್ನು ನಾನು ಎಲ್ಲಿಯೂ ಉಳಿಸಿಕೊಳ್ಳುವುದಿಲ್ಲ. ಅಧಿಕಾರಿಗೆ ಬಹುವಚನ, ಗೋಡೆ ಬಿದ್ದು ಬಂದವರಿಗೆ ಏಕವಚನ ಎಂಬುದು ಒಂದೇ ಪುಟದಲ್ಲಿ ಕಣ್ಣಿಗೆ ಕುಟುಕುತ್ತದೆ.

ಕೆಳಗಿನವರಿಗೆ ಬರೆಯುವಾಗ ಸ್ಪರ್ಧೆ ನಾಲ್ಕು ರೂಪಗಳ ನಡುವೆ: “ವರದಿ ಸಲ್ಲಿಸತಕ್ಕದ್ದು”, “ವರದಿ ಸಲ್ಲಿಸುವುದು”, “ವರದಿ ಸಲ್ಲಿಸಲು ಸೂಚಿಸಿದೆ”, “ವರದಿ ಸಲ್ಲಿಸಲು ಕೋರಿದೆ”. “ತಕ್ಕದ್ದು” ನಿಯಮಾವಳಿಯ ಭಾಷೆ. ಎಲ್ಲರಿಗೂ ಎಂದೆಂದಿಗೂ ಅನ್ವಯಿಸುವ ಕಟ್ಟಳೆಗೆ ಅದು ಸರಿ, ಒಂದು ಮನೆಯ ಮಹಜರಿಗೆ ಅತಿಯಾಯಿತು. “ಸಲ್ಲಿಸುವುದು” ಎಂಬುದು ಟಿಪ್ಪಣಿ ಹಾಳೆಯ ಅಂಚಿನಲ್ಲಿ ಮೇಲಧಿಕಾರಿ ಕೈಯಿಂದ ಬರೆಯುವ ಷರಾಕ್ಕೆ ಒಪ್ಪುತ್ತದೆ, ಪೂರ್ಣ ಪತ್ರದ ಕೊನೆಯಲ್ಲಿ ಬಂದರೆ ಗದರಿದಂತೆ ಕೇಳಿಸುತ್ತದೆ.

ನಿಜವಾದ ಪೈಪೋಟಿ ಇರುವುದು “ಸೂಚಿಸಿದೆ” ಮತ್ತು “ಕೋರಿದೆ” ಇವುಗಳ ನಡುವೆ. ಸೌಜನ್ಯವೆಂದು ಕೆಲವರು ಅಧೀನ ಸಿಬ್ಬಂದಿಗೂ “ಕೋರಿದೆ” ಎಂದೇ ಬರೆಯುತ್ತಾರೆ. ಪತ್ರ ಹಿತವಾಗಿರುತ್ತದೆ, ವರದಿ ಮಾತ್ರ ತಡವಾಗುತ್ತದೆ, ಏಕೆಂದರೆ ಕೋರಿಕೆಯನ್ನು ಮುಂದಕ್ಕೆ ಹಾಕಬಹುದೆಂಬ ಭಾವ ಅದರಲ್ಲೇ ಇದೆ. ಮುಂದೆ ನೆನಪೋಲೆಯಾಗಲಿ ಕಾರಣ ಕೇಳುವ ನೋಟೀಸಾಗಲಿ ಬರೆಯಬೇಕಾಗಿ ಬಂದರೆ, ಉಲ್ಲೇಖದಲ್ಲಿರುವ ಮೊದಲ ಪತ್ರ ಬರಿಯ ಕೋರಿಕೆಯಾಗಿದ್ದರೆ “ಸೂಚನೆಯನ್ನು ಪಾಲಿಸಿಲ್ಲ” ಎಂಬ ಮಾತಿಗೆ ಬಲವಿರುವುದಿಲ್ಲ. ಆದ್ದರಿಂದ ನನ್ನ ಕರಡು ಹೀಗಿರುತ್ತದೆ: “ಸದರಿ ಮನೆಯ ಹಾನಿಯ ಬಗ್ಗೆ ನೀವು ಖುದ್ದಾಗಿ ಸ್ಥಳ ಪರಿಶೀಲಿಸಿ, ಹಾನಿ ಭಾಗಶಃ ಅಥವಾ ಪೂರ್ಣ ಎಂಬ ಸ್ಪಷ್ಟ ಅಭಿಪ್ರಾಯದೊಂದಿಗೆ ವರದಿಯನ್ನು ದಿನಾಂಕ 20ರ ಸಂಜೆಯೊಳಗೆ ಸಲ್ಲಿಸಲು ಸೂಚಿಸಿದೆ.” ಇಲ್ಲಿ “ನೀವು” ಸಾಕು, “ತಾವು” ಬೇಡ. “ಸೂಚಿಸಿದೆ” ಎಂಬುದಕ್ಕೆ ವ್ಯಕ್ತಿ ಕರ್ತೃವಿಲ್ಲ, ಕಚೇರಿಯೇ ಕರ್ತೃ. ಹೀಗಾಗಿ ಸೂಚನೆ ಬಿಗಿಯಾಗಿದ್ದರೂ ಒಬ್ಬರು ಇನ್ನೊಬ್ಬರ ಮೇಲೆ ದರ್ಪ ತೋರಿದಂತಾಗುವುದಿಲ್ಲ. “ತಪ್ಪಿದಲ್ಲಿ ಶಿಸ್ತು ಕ್ರಮ ಕೈಗೊಳ್ಳಲಾಗುವುದು” ಎಂಬ ಸಾಲನ್ನು ಮೊದಲ ಪತ್ರದಲ್ಲೇ ಸೇರಿಸಿದರೆ, ನೆನಪೋಲೆಯಲ್ಲಿ ಬರೆಯಲು ಏನೂ ಉಳಿದಿರುವುದಿಲ್ಲ.

ಅಧೀನರಾದವರು ವಯಸ್ಸಿನಲ್ಲಿ ಹಿರಿಯರಾಗಿದ್ದಾಗ ನಮ್ಮ ಕಡೆ ಇದು ಸ್ವಲ್ಪ ಮುಜುಗರದ ಸಂಗತಿ. ನಿವೃತ್ತಿಯ ಹತ್ತಿರ ಬಂದವರಿಗೆ ಇಪ್ಪತ್ತೆಂಟರ ಹುಡುಗ ಸಿದ್ಧಪಡಿಸಿದ “ಸೂಚಿಸಿದೆ” ಹೋಗುತ್ತದೆ. ನಾನು ಪತ್ರವನ್ನು ಸಡಿಲಿಸುವುದಿಲ್ಲ. ಪತ್ರ ಹೋದ ಮೇಲೆ ಫೋನ್ ಮಾಡಿ “ಸ್ವಲ್ಪ ಬೇಗ ಕಳ್ಸಿಕೊಡಿ ಮಾರಾಯ್ರೇ, ಮೇಲಿಂದ ಕೇಳ್ತಿದ್ದಾರೆ” ಎನ್ನುತ್ತೇನೆ. ಆತ್ಮೀಯತೆಗೆ ಫೋನು ತಕ್ಕ ಜಾಗ, ಕಡತದಲ್ಲಿ ಉಳಿಯಬೇಕಾದುದು ದಿನಾಂಕವಿರುವ ಸೂಚನೆ.

“ಕೋರಿದೆ” ಎಂಬುದಕ್ಕೂ ಅದರದೇ ಸ್ಥಾನವಿದೆ. ವಲಯ ಅರಣ್ಯಾಧಿಕಾರಿಯವರಾಗಲಿ, ಅಂದಾಜು ಪಟ್ಟಿ ಕೊಡಬೇಕಾದ ಎಂಜಿನಿಯರ್ ಅವರಾಗಲಿ ನಮ್ಮ ಇಲಾಖೆಯ ಅಧೀನದವರಲ್ಲ, ಮೇಲಧಿಕಾರಿಗಳೂ ಅಲ್ಲ. ಅವರಿಗೆ “ಸೂಚಿಸಿದೆ” ಎಂದರೆ ಉತ್ತರವೇ ಬಾರದಿರಬಹುದು.

ಒಂದೇ ಹಾಳೆಯಲ್ಲಿ ಎರಡು ಧಾಟಿಯೂ ಬರುವುದು ಪ್ರತಿಗಳ ಸಾಲಿನಲ್ಲಿ. ಗ್ರಾಮ ಆಡಳಿತ ಅಧಿಕಾರಿಗೆ ಬರೆದ ಸೂಚನಾ ಪತ್ರದ ಪ್ರತಿಯನ್ನು ಮೇಲಕ್ಕೂ ಕಳುಹಿಸುವಾಗ, ಎಲ್ಲ ಪ್ರತಿಗಳಿಗೂ “ಮಾಹಿತಿಗಾಗಿ ಮತ್ತು ಮುಂದಿನ ಕ್ರಮಕ್ಕಾಗಿ” ಎಂಬ ಒಂದೇ ಅಚ್ಚನ್ನು ಬಳಸಿದರೆ ಉಪವಿಭಾಗಾಧಿಕಾರಿಯವರಿಗೂ ಕ್ರಮ ಕೈಗೊಳ್ಳಲು ಹೇಳಿದಂತಾಗುತ್ತದೆ. ಅಲ್ಲಿ ಎರಡು ಸಾಲು ಬೇರೆಬೇರೆಯಾಗಿ ಬೇಕು: “ಮಾನ್ಯ ಉಪವಿಭಾಗಾಧಿಕಾರಿಗಳು, ಸಾಗರ ಉಪವಿಭಾಗ, ಇವರ ಅವಗಾಹನೆಗಾಗಿ ಗೌರವಪೂರ್ವಕವಾಗಿ ಸಲ್ಲಿಸಿದೆ” ಎಂಬುದು ಒಂದು; “ಕಂದಾಯ ನಿರೀಕ್ಷಕರು, ನಗರ ಹೋಬಳಿ, ಇವರಿಗೆ ವರದಿಯನ್ನು ಪರಿಶೀಲಿಸಿ ನಿಗದಿತ ದಿನದೊಳಗೆ ಕಳುಹಿಸಿಕೊಡುವ ಸಲುವಾಗಿ ರವಾನಿಸಿದೆ” ಎಂಬುದು ಇನ್ನೊಂದು.