ಅಪ್ಪನ 20 ಲಕ್ಷ: ಒಂದೇ ಎಫ್‌ಡಿಯೋ, ಐದು ಮೆಟ್ಟಿಲ ಏಣಿಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಏಣಿಗೆ, ಅಂದರೆ ಹಣವನ್ನು ಬೇರೆ ಬೇರೆ ವರ್ಷ ಮುಗಿಯುವ ಹಲವು ಎಫ್‌ಡಿಗಳಾಗಿ ಹಂಚಿ ಇಡುವುದಕ್ಕೆ. ಅಪ್ಪನ ನಿವೃತ್ತಿ ಹಣದ ಒಂದು ಪಾಲು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿದೆ, ಅದರ ಮಾತು ಇಲ್ಲಿ ಬೇಡ. ಉಳಿದ 20 ಲಕ್ಷವನ್ನು ಮೊದಲು ಐದು ವರ್ಷದ ಒಂದೇ ಎಫ್‌ಡಿಯಲ್ಲಿ ಇಟ್ಟಿದ್ದರು. ತಿಂಗಳಿಗೆ 11,600 ರೂಪಾಯಿಯಷ್ಟು ಬಡ್ಡಿ ಖಾತೆಗೆ ಬರುತ್ತಿತ್ತು. ಎರಡು ವರ್ಷ ಎಲ್ಲವೂ ಸರಿಯಾಗಿತ್ತು.

ಆಮೇಲೆ ಅಮ್ಮನ ಆಪರೇಷನ್‌ಗೆ 3 ಲಕ್ಷ ಬೇಕಾಯಿತು. ಎಫ್‌ಡಿಯಿಂದ ಅಷ್ಟನ್ನೇ ತೆಗೆಯಲು ಆ ಬ್ಯಾಂಕಿನಲ್ಲಿ ಅವಕಾಶವಿರಲಿಲ್ಲ, ಇಡೀ 20 ಲಕ್ಷವನ್ನೇ ಮುರಿಸಬೇಕಾಯಿತು. ಅವಧಿಗೆ ಮುಂಚೆ ಮುರಿಸಿದರೆ ಒಪ್ಪಿದ ಬಡ್ಡಿ ಸಿಗುವುದಿಲ್ಲ. ಹಣ ಎಷ್ಟು ಕಾಲ ಇತ್ತೋ ಆ ಅವಧಿಗೆ ಠೇವಣಿ ಇಟ್ಟ ದಿನ ಇದ್ದ ದರ, ಅದರಲ್ಲೂ ದಂಡ ಕಳೆದು ಲೆಕ್ಕ. ನಮ್ಮದು 7 ಪರ್ಸೆಂಟಿನ ಠೇವಣಿ. ಎರಡು ವರ್ಷದ ದರ 6.75, ದಂಡ 1, ಉಳಿದದ್ದು 5.75. ಈಗಾಗಲೇ 7ರ ಲೆಕ್ಕದಲ್ಲಿ ತಿಂಗಳು ತಿಂಗಳೂ ಕೊಟ್ಟಿದ್ದರಲ್ಲ, ಆ ಹೆಚ್ಚುವರಿ 1.25 ಪರ್ಸೆಂಟನ್ನು ಅಸಲಿನಲ್ಲೇ ಹಿಡಿದರು. ಎರಡು ವರ್ಷಕ್ಕೆ ಹತ್ತಿರಹತ್ತಿರ 50,000 ರೂಪಾಯಿ! ಅದೇ ಹಣ 4 ಲಕ್ಷದ ಐದು ಎಫ್‌ಡಿಗಳಾಗಿ ಇದ್ದಿದ್ದರೆ ಒಂದನ್ನು ಮುರಿಸಿದರೆ ಸಾಕಿತ್ತು, ನಷ್ಟ 10,000ಕ್ಕೆ ನಿಲ್ಲುತ್ತಿತ್ತು.

ಆಪರೇಷನ್ ಖರ್ಚನ್ನು ಅಣ್ಣ ಮತ್ತು ನಾನು ತುಂಬಿಕೊಟ್ಟ ಮೇಲೆ ಏಣಿ ಕಟ್ಟಿದೆವು. ಒಂದರಿಂದ ಐದು ವರ್ಷದವರೆಗೆ ಒಂದೊಂದು ಅವಧಿಗೆ 4 ಲಕ್ಷ. ಪ್ರತಿ ವರ್ಷ ಒಂದು ಎಫ್‌ಡಿ ಮುಗಿಯುತ್ತದೆ, ಬೇಕಾದರೆ ಖರ್ಚಿಗೆ, ಬೇಡವಾದರೆ ಮತ್ತೆ ಐದು ವರ್ಷಕ್ಕೆ. ಬಡ್ಡಿದರ ಇಳಿದಾಗಲೂ ಒಂದೊಂದೇ ವರ್ಷದ ಎಫ್‌ಡಿಗಳಿಗಿಂತ ಏಣಿಯೇ ಮೇಲು. ಎಲ್ಲವನ್ನೂ ಒಂದೊಂದೇ ವರ್ಷಕ್ಕೆ ಇಟ್ಟು ನವೀಕರಿಸುವವರಿಗೆ ದರ 7ರಿಂದ 6ಕ್ಕೆ ಬಂದರೆ ವರ್ಷಕ್ಕೆ 20,000 ಕಡಿಮೆ. ಏಣಿಯಲ್ಲಿ ಆ ವರ್ಷ ಹೊಸ ದರಕ್ಕೆ ಬೀಳುವುದು 4 ಲಕ್ಷ ಮಾತ್ರ, ಕಡಿಮೆಯಾಗುವುದು 4,000. 2025ರಲ್ಲಿ ರಿಸರ್ವ್ ಬ್ಯಾಂಕು, ಬ್ಯಾಂಕುಗಳಿಗೆ ತಾನು ಸಾಲ ಕೊಡುವ ರೆಪೊ ದರವನ್ನು 6.5ರಿಂದ 5.25ಕ್ಕೆ ಇಳಿಸಿದಾಗ ಇದು ಎಷ್ಟೋ ಮನೆಗಳ ಅನುಭವಕ್ಕೆ ಬಂದಿರಬೇಕು.

ಏಣಿಯ ನಿಜವಾದ ತಲೆನೋವು ಆಟೋ ರಿನ್ಯೂವಲ್. ಅರ್ಜಿಯಲ್ಲಿ ನಾವು ಕೇಳಿದ್ದು 'ಅವಧಿ ಮುಗಿದಾಗ ಉಳಿತಾಯ ಖಾತೆಗೆ ಜಮಾ' ಎಂದು. ಕೌಂಟರಿನಲ್ಲಿ ಸಿಸ್ಟಂಗೆ ಹೊಡೆದದ್ದು 'ಅದೇ ಅವಧಿಗೆ ನವೀಕರಣ'. ಮೊದಲ ವರ್ಷದ ಎಫ್‌ಡಿ ಮುಗಿದ ದಿನ ಅದು ತನ್ನಷ್ಟಕ್ಕೆ ಇನ್ನೊಂದು ವರ್ಷಕ್ಕೆ ಹೋಗಿ ಕೂತಿತು. ಐದು ವರ್ಷಕ್ಕೆ ಹೋಗಬೇಕಿದ್ದ ಹಣ ಅದು. ಹೀಗೆ ಆಗುತ್ತಾ ಹೋದರೆ ಒಂದು ವರ್ಷದ್ದು ಒಂದಾಗಿಯೇ, ಎರಡು ವರ್ಷದ್ದು ಎರಡಾಗಿಯೇ ತಿರುಗುತ್ತವೆ. ಕೆಲವು ವರ್ಷ ಎರಡು ಮೂರು ಎಫ್‌ಡಿ ಒಟ್ಟಿಗೆ ಮುಗಿಯುತ್ತವೆ, ಏಣಿ ಅಲ್ಲಿಗೆ ಮುಗಿಯಿತು.

ನಾಲ್ಕೇ ದಿನದಲ್ಲಿ ಗೊತ್ತಾಯಿತು. ಏಕೆಂದರೆ ಆ ವಾರ 4 ಲಕ್ಷ ಬರಬೇಕೆಂದು ಅಪ್ಪ ಪಾಸ್‌ಬುಕ್ ಎಂಟ್ರಿ ಹಾಕಿಸಲು ಹೋಗಿದ್ದರು. ಏಳು ದಿನ ತುಂಬದ ಠೇವಣಿಗೆ ಬಡ್ಡಿ ಇಲ್ಲವಾದ್ದರಿಂದ ನಾಲ್ಕು ದಿನದ ಬಡ್ಡಿ ಬಿಟ್ಟು ಮುರಿಸಿ, ಹೊಸದಾಗಿ ಐದು ವರ್ಷಕ್ಕೆ ಇಟ್ಟೆವು. ಎಂಟು ತಿಂಗಳ ಮೇಲೆ ಗೊತ್ತಾಗಿದ್ದರೆ ಮತ್ತೆ ಅದೇ ದಂಡದ ಕಥೆ. ಎಫ್‌ಡಿ ರಸೀದಿ ಕೈಗೆ ಬಂದ ದಿನವೇ ಅದರಲ್ಲಿ 'ಮೆಚ್ಯೂರಿಟಿ ಇನ್‌ಸ್ಟ್ರಕ್ಷನ್' ಎಂಬ ಸಾಲನ್ನು ಓದಿ, ಬೇರೆಯಿದ್ದರೆ ಅಲ್ಲೇ ನಿಂತು ಬದಲಿಸಿಕೊಳ್ಳಿ. ಮುಗಿಯುವ ವಾರದ ಮೊದಲು ಇನ್ನೊಮ್ಮೆ ನೋಡಿ. ನವೀಕರಣವೂ ಇಲ್ಲದೆ, ಖಾತೆಗೂ ಹೋಗದೆ ಸುಮ್ಮನೆ ಬಿದ್ದಿದ್ದರೆ ಆ ದಿನಗಳಿಗೆ ಸಿಗುವುದು ಉಳಿತಾಯ ಖಾತೆಯ ದರ ಅಥವಾ ಹಳೆಯ ದರ, ಯಾವುದು ಕಡಿಮೆಯೋ ಅದು.

ಭದ್ರತೆಯ ವಿಷಯದಲ್ಲಿ ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ. ಒಂದೇ ಎಫ್‌ಡಿಯಲ್ಲಿ 15 ಲಕ್ಷ ಆ ರಕ್ಷಣೆಯ ಹೊರಗಿತ್ತು. ಈಗ ಅಪ್ಪನದು ಮೂರು ಬ್ಯಾಂಕು. ಎರಡರಲ್ಲಿ ಅಪ್ಪನ ಹೆಸರಿನಲ್ಲಿ ಒಂದು, ಅಪ್ಪ-ಅಮ್ಮನ ಜಂಟಿ ಹೆಸರಿನಲ್ಲಿ ಒಂದು. ಇವೆರಡಕ್ಕೂ ವಿಮೆ ಬೇರೆ ಬೇರೆ ಸಿಗುತ್ತದೆ. ಬಡ್ಡಿ ತಿಂಗಳು ತಿಂಗಳೂ ಹೊರಗೆ ಬರುವುದರಿಂದ ಪ್ರತಿ ಠೇವಣಿ 4 ಲಕ್ಷದಲ್ಲೇ ಇರುತ್ತದೆ. ಬಡ್ಡಿ ಒಳಗೇ ಬೆಳೆಯುವ ಎಫ್‌ಡಿಯಾಗಿದ್ದರೆ 7ರ ದರದಲ್ಲಿ ಐದು ವರ್ಷಕ್ಕೆ ಸುಮಾರು 5.66 ಲಕ್ಷವಾಗಿ ಮಿತಿ ದಾಟುತ್ತಿತ್ತು.

ಟಿಡಿಎಸ್ ಕಾಟವೂ ತಪ್ಪಿತು. 2025ರ ಏಪ್ರಿಲ್‌ನಿಂದ ಹಿರಿಯರಿಗೆ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 1 ಲಕ್ಷ ಬಡ್ಡಿಯವರೆಗೆ ಕಡಿತವಿಲ್ಲ. ಆದರೆ ತೆರಿಗೆ ಲೆಕ್ಕಕ್ಕೆ ಬಡ್ಡಿಯೆಲ್ಲ ಆದಾಯವೇ, ಅದು ಬದಲಾಗುವುದಿಲ್ಲ.

ಅಪ್ಪನಿಗೆ ಬ್ಯಾಂಕಿಗೆ ಹೋಗಿಬರುವುದು ಇಷ್ಟ, ನನಗೆ ಮೊಬೈಲಿನಲ್ಲಿ ದಿನಾಂಕ ಬರೆದಿಡುವ ಅಭ್ಯಾಸ. ಅದಕ್ಕೇ ನಮಗೆ ಇದು ಒಗ್ಗಿತು. ಓಡಾಡಲಾಗದ, ನೋಡಿಕೊಳ್ಳುವವರು ಹತ್ತಿರ ಇಲ್ಲದ ಹಿರಿಯರಿಗೆ ಮೂರು ಬ್ಯಾಂಕು ಭಾರ. ಅಂಥವರಿಗಾದರೆ ನಾನು ಒಂದೇ ಬ್ಯಾಂಕಿನಲ್ಲಿ ಮೂರು ಎಫ್‌ಡಿ ಮಾಡಿಸುತ್ತೇನೆ: ಅಪ್ಪನದೊಂದು, ಅಪ್ಪ-ಅಮ್ಮನದೊಂದು, ಅಮ್ಮನ ಹೆಸರು ಮೊದಲಿಟ್ಟು ಇನ್ನೊಂದು. ಒಂದು, ಎರಡು, ಮೂರು ವರ್ಷಕ್ಕೆ, ಪ್ರತಿಯೊಂದೂ 5 ಲಕ್ಷದೊಳಗೆ.